ಗಿರಣಿ ಅಕ್ಕಿಯ ಅನ್ನ

ನೀಲಗಂಗಮ್ಮ ಕೆಟ್ಟ ಹೆಂಗಸಾಗಿದ್ದರೆ ಈ ಕಥೆ ಹೇಳುವುದು ಸುಲಭವಿತ್ತು. ಕಲಬುರ್ಗಿಯ ಗಾಜಿಪುರದ ಓಣಿಯಲ್ಲಿ ಆಕೆಯ ಖಾನಾವಳಿ ಇತ್ತು. ನಿಜಾಮರ ಆಳ್ವಿಕೆಯ ಆ ಕಾಲದಲ್ಲಿ ಸುತ್ತಲಿನ ಹಳ್ಳಿಗಳಿಂದ ಕಲಬುರ್ಗಿಗೆ ಓದಲು ಬಂದ ಲಿಂಗವಂತರ ಹುಡುಗರು ಆಕೆಯ ಪಡಸಾಲೆಯಲ್ಲಿ ಮಲಗಿ, ಆಕೆಯ ಒಲೆಯ ಮುಂದೆ ಕೂತು ಉಂಡು, ಶಾಲೆಗೆ ಹೋಗಿ ಉರ್ದುವಿನಲ್ಲಿ ಪಾಠ ಕಲಿತು ಬರುತ್ತಿದ್ದರು. ಎರಡೂ ಹೊತ್ತು ಬಿಸಿ ಜೋಳದ ರೊಟ್ಟಿ, ತೊಗರಿ ಬೇಳೆ, ಪುಂಡಿಪಲ್ಲೆ, ಮೇಲೆ ಶೇಂಗಾ ಹಿಂಡಿ. ರೊಟ್ಟಿಗೆ ಲೆಕ್ಕವಿರಲಿಲ್ಲ. ಬೇಳೆ ಮಾತ್ರ ತಿಂಗಳ ಕೊನೆಗೆ ಸ್ವಲ್ಪ ತೆಳ್ಳಗಾಗುತ್ತಿತ್ತು. ಹುಡುಗರು ಅದರಲ್ಲಿ ಮುಖ ನೋಡಿಕೊಂಡು ಕ್ರಾಪು ತಿದ್ದಿಕೊಳ್ಳುವಂತೆ ನಟಿಸಿದರೆ ಆಕೆಯೂ ನಕ್ಕು ಇನ್ನೊಂದು ಸೌಟು ಹಾಕುತ್ತಿದ್ದಳು.

ಗಂಡ ಸತ್ತು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಆಕೆಯ ಅಕ್ಕ ಬಂಡೆಮ್ಮ ಇದ್ದದ್ದು ಕಮಲಾಪುರದಲ್ಲಿ. ಬಂಡೆಮ್ಮನ ಗಂಡ ದೇವೀಂದ್ರಪ್ಪನಿಗೆ ಅಲ್ಲಿ ಕೆಂಪು ಬಾಳೆಯ ತೋಟ. ಅವರಿಗೆ ಇದ್ದವನು ಒಬ್ಬನೇ ಮಗ, ಸಾಯಬಣ್ಣ. ಅವನನ್ನು ಓದಲು ಕಳಿಸುವಾಗ ಬಂಡೆಮ್ಮ ಅವನ ಕೈಯನ್ನು ತಂಗಿಯ ಉಡಿಯಲ್ಲಿಟ್ಟು, ಇನ್ನು ಮೇಲೆ ಇವನು ನಿನ್ನ ಮಗ ಎಂದಿದ್ದಳು. ಬಾಯಿಮಾತಿಗೆ ಅಂದದ್ದೇ ಇರಬಹುದು. ಆದರೆ ಬರಿ ಉಡಿಯ ಹೆಂಗಸಿನ ಮುಂದೆ ಅಂಥ ಮಾತು ಆಡಬಾರದು. ನೀಲಗಂಗಮ್ಮ ಅದನ್ನು ನಿಜವೆಂದೇ ತಿಳಿದಳು.

ಪರೀಕ್ಷೆಯ ತಿಂಗಳುಗಳಲ್ಲಿ ಹುಡುಗರು ಸೊರಗುವುದು ಊರಿಗೆಲ್ಲ ಗೊತ್ತಿದ್ದ ಮಾತು. ಪುಸ್ತಕ ಬಿಟ್ಟು ಏಳುವುದಿಲ್ಲ, ಎದ್ದರೆ ಉಣ್ಣುವುದಿಲ್ಲ, ಉಂಡರೆ ಮೈಗೆ ಹತ್ತುವುದಿಲ್ಲ. ಹಿಂದಿನ ವರ್ಷ ಸಾಯಬಣ್ಣನೂ ಹಾಗೆಯೇ ಸೊರಗಿ, ಕೊರಳ ಎಲುಬು ಎದ್ದು, ಬೇಸಿಗೆ ರಜೆಗೆ ಕಮಲಾಪುರಕ್ಕೆ ಹೋಗಿದ್ದ. ನೀಲಗಂಗಮ್ಮನೇ ಅವನನ್ನು ಕರೆದೊಯ್ದಿದ್ದಳು. ಅಂಗಳದಲ್ಲಿ ಓಣಿಯ ಹೆಂಗಸರೆಲ್ಲ ನೆರೆದಿದ್ದಾಗ ಬಂಡೆಮ್ಮ ಮಗನ ಗಲ್ಲ ಹಿಡಿದು ನೋಡಿ, ತಂಗಿಯ ಕಡೆ ತಿರುಗಿ ಅಂದಳು: "ಮಂದಿ ಮಕ್ಕಳಿಗಿ ಉಣಿಸಿ ಉಳದದ್ದು ನನ್ನ ಮಗಗ ಹಾಕೀದಿ ಏನು?"

ಹೆಂಗಸರು ನಕ್ಕರು. ನೀಲಗಂಗಮ್ಮನೂ ನಕ್ಕಳು. ಆದರೆ ಆ ಮಾತು ಅವಳ ಎದೆಯಲ್ಲಿ ಮುರಿದು ಉಳಿದ ಮುಳ್ಳಿನಂತೆ ವರ್ಷವಿಡೀ ಚುಚ್ಚಿತು. ಅಡುಗೆಯೇ ಬದುಕಾದವಳಿಗೆ, ನಿನ್ನ ಅಡುಗೆ ತಿಂದು ನನ್ನ ಮಗ ಸೊರಗಿದ ಎನ್ನುವುದಕ್ಕಿಂತ ದೊಡ್ಡ ಬೈಗುಳ ಯಾವುದಿದೆ? ಆ ವರ್ಷ ಅವನದು ಮೆಟ್ರಿಕ್. ಅವರ ಮನೆತನದಲ್ಲಿ ಯಾರೂ ಅಷ್ಟು ದೂರ ಓದಿರಲಿಲ್ಲ. ಈ ಸಲ ಅವನು ಪಾಸಾಗಬೇಕು, ಅದೂ ಮೈತುಂಬಿಕೊಂಡು ಊರಿಗೆ ಹೋಗಬೇಕು, ಅದೇ ಹೆಂಗಸರು ಬಾಯಿ ಮೇಲೆ ಕೈ ಇಟ್ಟುಕೊಂಡು ನೋಡಬೇಕು. ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಲಿಂಗಪೂಜೆಯ ಹೊತ್ತಿಗೆ ಮಾತ್ರ ದಿನಾ ಬೇಡಿಕೊಳ್ಳುತ್ತಿದ್ದಳು.

ದೀಪಾವಳಿ ಮುಗಿದ ಕೂಡಲೇ ಅವಳು ಸ್ಟೇಶನ್ ಬಜಾರಕ್ಕೆ ಹೋಗಿ ಗಿರಣಿ ಅಕ್ಕಿಯ ಚೀಲ ತರಿಸಿದಳು. ತೆಲುಗು ಸೀಮೆಯಿಂದ ರೈಲಿನಲ್ಲಿ ಬರುತ್ತಿದ್ದ ಅಕ್ಕಿ. ಕೈಯಲ್ಲಿ ಹಿಡಿದರೆ ಮಲ್ಲಿಗೆ ಮೊಗ್ಗಿನಂತೆ ಬೆಳ್ಳಗೆ, ನುಣ್ಣಗೆ, ಒಂದು ಚೂರು ತೌಡಿಲ್ಲದ ಅಕ್ಕಿ. ಜೋಳ ಉಣ್ಣುವ ನಾಡಿನಲ್ಲಿ ಅನ್ನವೆಂದರೆ ಹಬ್ಬ, ಮದುವೆ, ಬೀಗರು ಬಂದ ದಿನ. ವಕೀಲರ ಮನೆಯಲ್ಲಿ, ಅಮಲ್ದಾರರ ಮನೆಯಲ್ಲಿ ದಿನಾ ಅನ್ನ ಬೇಯುತ್ತದೆ ಎಂದು ಅವಳು ಕೇಳಿದ್ದಳು. ಕಲಮು ಹಿಡಿದವರ ಊಟ ಅನ್ನ ಎಂದು ಅವಳ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತ್ತು. ರೊಟ್ಟಿ ತಿಂದರೆ ನಿದ್ದೆ ಬರುತ್ತದೆ, ಬೇಳೆ ತಿಂದರೆ ವಾಯು, ಶೇಂಗಾ ತಿಂದರೆ ಪಿತ್ತ ಏರಿ ತಲೆ ಸುತ್ತುತ್ತದೆ. ಓದುವ ಹುಡುಗನಿಗೆ ಇದೆಲ್ಲ ಯಾಕೆ?

ಅಂದಿನಿಂದ ಒಂದೇ ಒಲೆಯಲ್ಲಿ ಎರಡು ಅಡುಗೆ ನಡೆಯಿತು. ಉಳಿದ ಹುಡುಗರಿಗೆ ಎಂದಿನ ರೊಟ್ಟಿ, ಬೇಳೆ. ಸಾಯಬಣ್ಣನಿಗೆ ಮಾತ್ರ ಅನ್ನ. ಅಕ್ಕಿಯನ್ನು ನೀರು ತಿಳಿಯಾಗುವ ತನಕ ತಿಕ್ಕಿ ತಿಕ್ಕಿ ತೊಳೆಯುವಳು. ದೊಡ್ಡ ಪಾತ್ರೆಯ ತುಂಬ ನೀರಿಟ್ಟು ಕುದಿಸಿ, ಗಂಜಿಯನ್ನೆಲ್ಲ ಬಸಿದು ಹಿತ್ತಲ ಎಮ್ಮೆಗೆ ಹಾಕುವಳು. ಕಾಳು ಕಾಳು ಬಿಡಿಯಾದ ಅನ್ನಕ್ಕೆ ತುಪ್ಪ, ಸಕ್ಕರೆ, ಅಥವಾ ಬೇಳೆ ಇಲ್ಲದ ತಿಳಿ ಹುಣಸೆ ಸಾರು. ನಿದ್ದೆ ಬಾರದಿರಲಿ ಎಂದು ಹೊಸದಾಗಿ ಸ್ಟೇಶನ್ನಿನ ಕಡೆಯಿಂದ ಊರಿಗೆ ಬಂದಿದ್ದ ಚಹಾ, ಅದೂ ಲೋಟಗಟ್ಟಲೆ, ಸಿಹಿಯಾಗಿ. ಒಬ್ಬ ಹುಡುಗನ ಗಂಗಾಳದಿಂದ ಒಳ್ಳೆಯದನ್ನೆಲ್ಲ ಇಷ್ಟು ಪ್ರೀತಿಯಿಂದ ತೆಗೆದವರು ಇನ್ನೊಬ್ಬರಿಲ್ಲ. ಆದರೆ ಅದು ಆಗ ಯಾರಿಗೆ ಗೊತ್ತಿತ್ತು?

ಪಂಕ್ತಿಯಲ್ಲಿ ಅವನ ಎದುರಿಗೆ ಕೂರುತ್ತಿದ್ದವನು ದತ್ತಪ್ಪ, ಆಳಂದದ ಕಡೆಯ ಬಡವರ ಹುಡುಗ, ಅವನದೇ ತರಗತಿ. ಬಾಯಿ ಜೋರು. ಬಿಳಿ ಅನ್ನದ ಗಂಗಾಳ ಬಂದ ಕೂಡಲೇ ಕೈಮುಗಿದು, ನವಾಬರ ಸವಾರಿ ಬಂತು ಎಂದು ಕೂಗುವನು. ಸಾಯಬಣ್ಣ ನಾಚಿ ಕೆಂಪಾಗುವನು. ತನಗೂ ರೊಟ್ಟಿ ಕೊಡು ಎಂದು ಸಣ್ಣವ್ವನ ಬಳಿ ಒಂದೆರಡು ಸಲ ಕೇಳಿಯೂ ಕೇಳಿದ. ಪರೀಕ್ಷೆ ಮುಗಿಯಲಿ, ಜನ್ಮವಿಡೀ ರೊಟ್ಟಿ ತಿನ್ನುವುದು ಇದ್ದೇ ಇದೆ ಎಂದು ಅವಳು ತಲೆ ಸವರಿದಳು.

ಹುಡುಗ ಮೈತುಂಬಿದ. ಅದರಲ್ಲಿ ಸುಳ್ಳಿರಲಿಲ್ಲ. ತುಪ್ಪ ಸಕ್ಕರೆ ತಿಂದು ಹಗಲೆಲ್ಲ ಕೂತರೆ ಯಾರಾದರೂ ದಪ್ಪಗಾಗುತ್ತಾರೆ. ಎಳ್ಳಮಾವಾಸ್ಯೆಯ ಹೊತ್ತಿಗೆ ಅವನ ಶೇರವಾನಿಯ ಗುಂಡಿ ಹಾಕಲು ಬರದಾಯಿತು. ನೀಲಗಂಗಮ್ಮ ಅದನ್ನು ಕಂಕುಳಲ್ಲಿ ಇಟ್ಟುಕೊಂಡು, ಹತ್ತಿರದ ದರ್ಜಿಯನ್ನು ಬಿಟ್ಟು, ಬಜಾರದ ತನಕ ನಡೆದು, ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತ ಹೋಗಿ ಹೊಲಿಗೆ ಬಿಚ್ಚಿಸಿಕೊಂಡು ಬಂದಳು. ಸ್ಟೇಶನ್ನಿನಲ್ಲಿ ಸಾಮಾನು ತೂಗುವ ಕಾಟಾದ ಮೇಲೆ ಹುಡುಗರು ಚೇಷ್ಟೆಗೆ ಹತ್ತಿ ನಿಂತಾಗ ಸಾಯಬಣ್ಣನೇ ಎಲ್ಲರಿಗಿಂತ ಹೆಚ್ಚು ತೂಗಿದನಂತೆ. ಉಳಿದವರೆಲ್ಲ ಓದಿ ಓದಿ ಸೊರಗುತ್ತಿದ್ದರೆ ಅವನೊಬ್ಬನೇ ಏರುತ್ತಿದ್ದ. ಆ ಸುದ್ದಿ ಕೇಳಿ ಅವಳು ಅಂದು ಎಲ್ಲರಿಗೂ ಹೋಳಿಗೆ ಮಾಡಿದಳು.

ಸಂಕ್ರಮಣ ಕಳೆದ ಮೇಲೆ ಏನೋ ಬದಲಾಯಿತು. ಅವಳೂ ಅದನ್ನು ಕಂಡಳು, ಕಂಡದ್ದನ್ನು ತನಗೆ ಬೇಕಾದಂತೆ ಅರ್ಥ ಮಾಡಿಕೊಂಡಳು. ಹುಡುಗ ಅನ್ನವನ್ನು ಅರ್ಧಕ್ಕೇ ಬಿಡತೊಡಗಿದ. ಆದರೂ ಮೈ ಇಳಿಯಲಿಲ್ಲ. ಹೊಟ್ಟೆ ತುಂಬಿದವನಿಗೆ ಹಸಿವು ಕಡಿಮೆ ಎಂದುಕೊಂಡಳು. ಅಂಗಾಲು ಜುಮುಜುಮು ಎನ್ನುತ್ತದೆ, ಮೀನಖಂಡ ಮುಟ್ಟಿದರೆ ನೋಯುತ್ತದೆ ಎಂದ. ಕೂತು ಕೂತು ಕಾಲು ಜೋಮು ಹಿಡಿದಿದೆ ಎಂದು ಎಣ್ಣೆ ತಿಕ್ಕಿದಳು. ಊಟಕ್ಕೆ ಚಕ್ಕಳಮಕ್ಕಳ ಕೂತವನು ಏಳುವಾಗ ಗೋಡೆ ಹಿಡಿಯತೊಡಗಿದ. ಒಂದು ದಿನ ಗೋಡೆ ಹಿಡಿದರೂ ಏಳಲು ಬರಲಿಲ್ಲ. ದತ್ತಪ್ಪನೇ ಕಂಕುಳಿಗೆ ಕೈಹಾಕಿ ಎತ್ತಿದ. ಎತ್ತಿದವನು ಸುಮ್ಮನಿರಬಾರದೇ? "ಅಡ್ಡಿಲ್ಲ ಬಿಡಪಾ, ನಾಕು ಮಂದಿ ಹೊರೂ ಹಂಗ ಆಗೀದಿ" ಎಂದು ನಗೆಯಾಡಿದ.

ನೀಲಗಂಗಮ್ಮನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಇಷ್ಟು ದಿನ ಆ ಹುಡುಗ ಎದುರು ಕೂತು ಸಾಯಬಣ್ಣನ ಗಂಗಾಳ ನೋಡಿದ್ದು, ನಕ್ಕದ್ದು, ಕೈಮುಗಿದದ್ದು ಎಲ್ಲ ಒಟ್ಟಿಗೆ ಕಣ್ಣಮುಂದೆ ಬಂತು. ಸಾಯಬಣ್ಣನ ಕೈಕಾಲಿನ ಶಕ್ತಿ ಹೋದದ್ದು ಯಾಕೆಂದು ಆಗ ಅವಳಿಗೆ ತಿಳಿಯಿತು, ಅಥವಾ ತಿಳಿಯಿತು ಎಂದುಕೊಂಡಳು. ಒಣ ಮೆಣಸಿನಕಾಯಿ, ಉಪ್ಪು ನಿವಾಳಿಸಿ ಒಲೆಗೆ ಹಾಕಿದಳು. ಘಾಟು ಏಳಲಿಲ್ಲ ಎಂದು ಅವಳಿಗೆ ಅನ್ನಿಸಿತು. ಆ ಸಂಜೆಯೇ ದತ್ತಪ್ಪನ ಟ್ರಂಕನ್ನು ಕಟ್ಟೆಯ ಮೇಲೆ ಇಟ್ಟು, ಬೇರೆ ಖಾನಾವಳಿ ನೋಡಿಕೋ ಎಂದಳು. ಪರೀಕ್ಷೆ ಹತ್ತಿರ ಬಂದಿದೆ, ನಾನೇನು ಮಾಡಿದೆ ಎಂದು ಅವನು ಕೇಳಿದ. ನಿನ್ನ ಕಣ್ಣು ಸರಿಯಿಲ್ಲ ಎಂದು ಮುಖದ ಮೇಲೆ ಹೊಡೆದಂತೆ ಹೇಳಿ ಬಾಗಿಲು ಹಾಕಿದಳು. ಸಾಯಬಣ್ಣ ಒಳಗೆ ಗೋಡೆಗೆ ಒರಗಿ ಅಳುತ್ತಿದ್ದ. ಅವನ ದನಿ ಆಗಲೇ ಒಡೆದು ಗೊಗ್ಗರಾಗಿತ್ತು.

ಕಣ್ಣಿನ ನೆದರು ತಗುಲಿದೆ ಎಂದಾದ ಮೇಲೆ ಇನ್ನೂ ಹೆಚ್ಚು ಉಪಚಾರ ನಡೆಯಿತು. ಅನ್ನಕ್ಕೆ ಇನ್ನಷ್ಟು ತುಪ್ಪ, ಚಹಾಕ್ಕೆ ಇನ್ನಷ್ಟು ಸಕ್ಕರೆ. ಶಿವರಾತ್ರಿ ಹೊತ್ತಿಗೆ ಅವನು ಮೆಟ್ಟುವ ಜೋಡು ಕಾಲಿಗೆ ಹತ್ತದಾದವು. ಮುಖ ಹುಣ್ಣಿಮೆ ಚಂದ್ರನ ಹಾಗೆ ದುಂಡಗೆ, ಕಣ್ಣ ಕೆಳಗೆ ಉಬ್ಬಿ ಮಿರುಗುತ್ತಿತ್ತು. ತೋಳು ಮಾತ್ರ ಯಾಕೋ ಸಣ್ಣಗಾದಂತಿತ್ತು. ಅವಳು ತೋಳು ನೋಡಲಿಲ್ಲ, ಮುಖವನ್ನೇ ನೋಡಿದಳು. ಅಕ್ಕನೂ ಮೊದಲು ನೋಡುವುದು ಮುಖವನ್ನೇ ಅಲ್ಲವೇ?

ಮೆಟ್ರಿಕ್ ಪರೀಕ್ಷೆಗೆ ಇನ್ನು ಸ್ವಲ್ಪವೇ ದಿನ ಉಳಿದಿದ್ದಾಗ ಒಂದು ಮುಂಜಾನೆ ಖಾನಾವಳಿಯ ಮುಂದೆ ಟಾಂಗಾ ನಿಂತಿತು. ಅದರಿಂದ ಇಳಿದವನು ದತ್ತಪ್ಪ. ಶಾಲೆಯ ಮೆಟ್ಟಿಲ ಮೇಲೆ ಸಾಯಬಣ್ಣ ಉಸಿರು ಸಾಲದೆ ಕೂತುಬಿಟ್ಟಿದ್ದನಂತೆ, ತುಟಿ ನೀಲಿಯಾಗಿತ್ತಂತೆ. ತಾನೇ ಸರಕಾರಿ ದವಾಖಾನೆಗೆ ಒಯ್ದು ಮಲಗಿಸಿ ಬಂದಿದ್ದ. ಬೈಸಿಕೊಂಡದ್ದರ ಮಾತನ್ನೇ ಎತ್ತದೆ, ಲಗು ಬರ್ರಿ ಅವ್ವಾರ ಎಂದ. ನೀಲಗಂಗಮ್ಮ ಒಲೆಯ ಮೇಲಿನ ಅನ್ನವನ್ನು ಹಾಗೇ ಬಿಟ್ಟು ಟಾಂಗಾ ಹತ್ತಿದಳು.

ದವಾಖಾನೆಯಲ್ಲಿ ಡಾಕ್ಟರ್ ಖಮರುದ್ದೀನ್ ಸಾಯಬಣ್ಣನ ಮೊಳಕಾಲ ಕೆಳಗೆ, ಎಲುಬಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದಿದ್ದರು. ಬೆರಳು ತೆಗೆದರೂ ಅಲ್ಲಿ ಕುಳಿ ಹಾಗೇ ಉಳಿಯಿತು. ಕಲಸಿದ ಹಿಟ್ಟಿನಲ್ಲಿ ಬೆರಳಿಟ್ಟರೆ ಉಳಿಯುವಂಥ ಕುಳಿ. ಮೊಳಕಾಲನ್ನು ತಟ್ಟಿ ನೋಡಿದರು, ಕಾಲು ಎಗರಲಿಲ್ಲ. ಎದೆಗೆ ಕಿವಿಗೊಳವೆ ಹಚ್ಚಿ ಬಹಳ ಹೊತ್ತು ಕೇಳಿದರು. ಆಮೇಲೆ ಹುಡುಗನ ಬಳಿ ದತ್ತಪ್ಪನನ್ನು ಕೂರಿಸಿ, ಅವಳನ್ನು ಪಕ್ಕಕ್ಕೆ ಕರೆದು, ಇವನು ಏನು ಉಣ್ಣುತ್ತಾನೆ ಎಂದು ಕೇಳಿದರು.

ನೀಲಗಂಗಮ್ಮ ಸೆರಗು ಸರಿಮಾಡಿಕೊಂಡು ಹೆಮ್ಮೆಯಿಂದಲೇ ಹೇಳಿದಳು. ಗಿರಣಿ ಅಕ್ಕಿ, ತೊಳೆದದ್ದು, ಬಸಿದದ್ದು, ತುಪ್ಪ, ಸಕ್ಕರೆ, ಚಹಾ. ರೊಟ್ಟಿ, ಬೇಳೆ, ಶೇಂಗಾ ಒಂದನ್ನೂ ಮುಟ್ಟಿಸಿಲ್ಲ. ಉಳಿದ ಹುಡುಗರಿಗೆ ಹೀಗೆ ಆಗಿದೆಯೇ ಎಂದು ಅವರು ಕೇಳಿದರು. ಇಲ್ಲ ಎಂದಳು. ಅವರು ಏನು ಉಣ್ಣುತ್ತಾರೆ? ಅವರಿಗೇನು, ರೊಟ್ಟಿ ಬೇಳೆ ಎಂದಳು. ಹೇಳುತ್ತಿದ್ದಂತೆಯೇ ಅವಳ ದನಿ ಇಳಿಯಿತು. ಡಾಕ್ಟರ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿತು.

"ಅಮ್ಮಾ, ಇದು ಮೈ ಬಂದಿದ್ದಲ್ಲ, ಬಾವು. ನೀರು ತುಂಬ್ಯಾದ. ತೆಲುಗು ಕಡಿ ಸಮುದ್ರದ ಊರಾಗ ಬರೇ ಗಿರಣಿ ಅಕ್ಕಿ ಉಣ್ಣೋ ಮಂದಿಗಿ ನಾ ಇದೇ ಬ್ಯಾನಿ ನೋಡೀನಿ. ಅಕ್ಕಿ ಸತ್ವ ಎಲ್ಲಾ ಅದರ ತೌಡಿನಾಗ ಇರ್ತದ. ಗಿರಣಿ ಅದನ್ನ ಕೆತ್ತಿ ತೆಗೀತದ, ಉಳದದ್ದು ನೀವು ತೊಳದು ಬಸದು ಚೆಲ್ಲೀರಿ."

ಇಲ್ಲೇ ಬಿಟ್ಟು ಹೋಗಿ, ಹಾಸಿಗೆ ಇದೆ ಎಂದರು. ದವಾಖಾನೆಯ ಕಟ್ಟಿಗೆಯ ಮಂಚಗಳನ್ನು ನೋಡಿ ಹೆದರಿ, ಅವಳು ಬೇಡವೆಂದು ತಲೆ ಅಲ್ಲಾಡಿಸಿದಳು. ಹಾಗಾದರೆ ಮನೆಯಲ್ಲೇ ಇರಲಿ, ಆದರೆ ಒಂದು ತುತ್ತು ಅನ್ನ ಕೊಡಬೇಡಿ, ಚಹಾ ಕೊಡಬೇಡಿ ಎಂದರು. ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ ಕೊಡಬೇಕು, ಹಸಿವಿಲ್ಲ ಎಂದರೂ ಬಿಡಬಾರದು. ತೌಡು ಕುದಿಸಿ ಸೋಸಿದ ನೀರು ಕುಡಿಸಬೇಕು. ಎದೆ ದಣಿದಿದೆ, ಹಾಸಿಗೆಯಿಂದ ಏಳಿಸಬಾರದು. ಪರೀಕ್ಷೆ ಮುಂದಿನ ವರ್ಷ. ಹೀಗೆ ಮಾಡಿದರೆ ಬಾವು ಇಳಿಯುತ್ತದೆ, ಹುಡುಗ ಉಳಿಯುತ್ತಾನೆ. ಮನೆಯಲ್ಲಿ ಅವನಿಗೆ ಉಣಿಸುವವರಿಗೆಲ್ಲ ಇದನ್ನು ಬಿಡಿಸಿ ಹೇಳಿ ಎಂದು ಎರಡು ಸಲ ಹೇಳಿದರು. ಅವಳು ಹೂಂ ಎಂದಳು.

ಅಂದು ಅವಳು ರೊಟ್ಟಿ ನೆನೆಸಿ ಬಾಯಿಗಿಟ್ಟಳು. ಹುಡುಗ ಎರಡು ತುತ್ತಿಗೆ ಮುಖ ತಿರುಗಿಸಿದ. ಪರೀಕ್ಷೆಗೆ ಕೂರಲಾಗದು ಎಂದು ಕೇಳಿದಾಗಿನಿಂದ ಅವನಿಗೆ ಒಂದೇ ಹಟ: ಅವ್ವನ ಹತ್ತಿರ ಹೋಗಬೇಕು. ಮರುದಿನ ದೇವೀಂದ್ರಪ್ಪ ಬಾಳೆಗೊನೆಯ ಗಾಡಿ ಹೊಡೆದುಕೊಂಡು ಬಜಾರಕ್ಕೆ ಬಂದವನು ಮಗನನ್ನು ನೋಡಲು ಬಂದ. ಗಾಬರಿಯಾಗಿ, ಡಾಕ್ಟರು ಏನೆಂದರು ಎಂದು ಕೇಳಿದ.

ಹೇಳಬೇಕೆಂದೇ ಅವಳು ಬಾಯಿ ತೆರೆದಳು. ನನ್ನ ಕೈಯ ಅನ್ನದಿಂದ ಆಯಿತು ಎಂಬ ಮಾತು ಗಂಟಲ ತನಕ ಬಂತು. ಆದರೆ ಬಾಯಿಂದ ಬಂದದ್ದು ಬೇರೆ: "ಓದಿ ಓದಿ ದಣದಾನಂತ್ರೀ ಮಾಮಾ. ಆರಾಮ ಬೇಕಂತ." ದಣಿದಿದ್ದರೆ ಮನೆಗೆ ಹೋಗೋಣ ಎಂದ ದೇವೀಂದ್ರಪ್ಪ ಖಾಲಿ ಗಾಡಿಗೆ ಹುಲ್ಲು ಹಾಸಿದ. ನೀಲಗಂಗಮ್ಮ ಖಾನಾವಳಿಯನ್ನು ಪಕ್ಕದ ಮನೆಯವಳಿಗೆ ಒಪ್ಪಿಸಿ ಜೊತೆಗೆ ಹೊರಟಳು. ಊರು ಮುಟ್ಟಿದ ಕೂಡಲೇ ಅಕ್ಕನಿಗೆ ಎಲ್ಲ ಹೇಳುವುದು ಎಂದು ದಾರಿಯುದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡಳು. ಗಾಡಿ ಕುಲುಕಿದಾಗಲೆಲ್ಲ ಹುಡುಗ ಎದೆ ಹಿಡಿದುಕೊಳ್ಳುತ್ತಿದ್ದ.

ಕಮಲಾಪುರದ ಅಂಗಳದಲ್ಲಿ ಗಾಡಿ ನಿಂತಾಗ ಅದೇ ಹೆಂಗಸರು ನೆರೆದರು. ಬಂಡೆಮ್ಮ ಓಡಿ ಬಂದು ಮಗನ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. ಹೋದ ವರ್ಷ ಎಲುಬಾಗಿದ್ದ ಮುಖ ಅಂಗೈ ತುಂಬ ಬಂತು. ಹಡೆದವಳ ಕಣ್ಣಿಗೆ ಅಷ್ಟೇ ಸಾಕಾಯಿತು. ತಂಗಿಯ ಕಡೆ ತಿರುಗಿದಳು. ಕಣ್ಣಲ್ಲಿ ನೀರು.

"ನೀಲಾ, ಹ್ವಾದ ವರ್ಷ ಮಂದಿ ಮುಂದ ನಿನಗ ಅನಬಾರದ್ದು ಅಂದೆ. ನನ್ನ ನಾಲಿಗಿ ಸೇದಿ ಹೋಗ್ಲಿ. ಹಡದಾಕಿ ನಾನಾದ್ರೂ ತಾಯಿ ನೀನೇ."

ಹೆಂಗಸರು ಹೌದೆಂದರು. ಒಬ್ಬಾಕೆ ನೀಲಗಂಗಮ್ಮನ ಕೈಹಿಡಿದು, ನಮ್ಮ ಹುಡುಗನನ್ನೂ ನಿನ್ನ ಖಾನಾವಳಿಗೇ ಕಳಿಸುತ್ತೇವೆ ಎಂದಳು. ಒಂದು ವರ್ಷವಿಡೀ ಹಗಲು ರಾತ್ರಿ ಬಯಸಿದ ಮಾತುಗಳು. ಒಂದೂ ಕಡಿಮೆಯಿಲ್ಲದಂತೆ ಎಲ್ಲವೂ ಅವಳ ಉಡಿಗೆ ಬಂದು ಬಿದ್ದವು. ಆಗ ಬಾಯಿ ತೆರೆದು, ಇದು ಮೈಯಲ್ಲ ಬಾವು ಎನ್ನಲು ಅವಳಿಂದ ಆಗಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡಳು. ಇಂಥ ನಾಳೆಗಳನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆದರೆ ಆ ಅಂಗಳದಲ್ಲಿ ನಾನಿದ್ದರೆ ಬಾಯಿ ತೆರೆಯುತ್ತಿದ್ದೆನೇ ಎಂದು ಕೇಳಿದರೆ ಉತ್ತರ ಹೇಳಲಾರೆ.

ಬಂಡೆಮ್ಮ ಮಗನಿಗೆ ಅನ್ನ ಮಾಡಿದಳು. ಹುಷಾರಿಲ್ಲದವನಿಗೆ ಮತ್ತೇನು ಮಾಡುತ್ತಾರೆ? ಯುಗಾದಿಗೆಂದು ತಂದಿಟ್ಟಿದ್ದ ಗಿರಣಿ ಅಕ್ಕಿಯನ್ನೇ ಮೆತ್ತಗೆ ಬೇಯಿಸಿ, ನೀರು ಬಸಿದು, ಹಾಲು ಸಕ್ಕರೆ ಹಾಕಿ ಕಲಸಿ ತಂದಳು. ರೊಟ್ಟಿ ಬೇಳೆ ಕೊಡಲು ಡಾಕ್ಟರು ಹೇಳಿದ್ದಾರೆ ಎಂದು ನೀಲಗಂಗಮ್ಮ ಮೆಲ್ಲಗೆ ಅಂದಳು. ಅಷ್ಟೇ ಅಂದಳು, ಯಾಕೆಂದು ಹೇಳಲಿಲ್ಲ. ನುಂಗಲು ಬಾರದ ಕೂಸಿಗೆ ರೊಟ್ಟಿಯೇ, ಆ ಡಾಕ್ಟರಿಗೆ ಮಕ್ಕಳಿಲ್ಲವೇನು ಎಂದು ಬಂಡೆಮ್ಮ ತುತ್ತು ಮಾಡಿ ಮಗನ ಬಾಯಿಗಿಟ್ಟಳು. ಅವ್ವನ ಕೈ ಎಂದು ಅವನು ಕಷ್ಟಪಟ್ಟು ನುಂಗಿದ. ನೀಲಗಂಗಮ್ಮ ಪಕ್ಕದಲ್ಲೇ ಕೂತು ನೋಡಿದಳು.

ಅಕ್ಕ ತೋಟಕ್ಕೆ ಹೋದ ಹೊತ್ತು ನೋಡಿ ಅವಳು ಕದ್ದು ಬೇಳೆ ಬೇಯಿಸಿ ಅದರ ಕಟ್ಟನ್ನು ಕುಡಿಸಿದಳು. ಒಂದೆರಡು ಗುಟುಕು ಒಳಗೆ ಹೋಯಿತು, ಉಳಿದದ್ದು ಕಟವಾಯಿಯಲ್ಲಿ ಇಳಿಯಿತು. ತೌಡು ಹುಡುಕಿಕೊಂಡು ಓಣಿ ಸುತ್ತಿದಳು. ಜೋಳದ ಊರಿನಲ್ಲಿ ಅಕ್ಕಿಯ ತೌಡು ಎಲ್ಲಿಂದ ಬರಬೇಕು? ಪ್ರತಿ ಹೊತ್ತೂ ಹಾಲನ್ನದ ಬಟ್ಟಲು ಬರುತ್ತಿತ್ತು. ಪ್ರತಿ ಹೊತ್ತೂ, ಈ ಊಟ ಆಗಲಿ, ಆಮೇಲೆ ಅಕ್ಕನನ್ನು ಒಳಗೆ ಕರೆದು ಹೇಳುತ್ತೇನೆ ಎಂದುಕೊಳ್ಳುತ್ತಿದ್ದಳು. ಬಾವು ತೊಡೆಗೆ ಏರಿತು. ಬಂಡೆಮ್ಮನಿಗೂ ಈಗ ಭಯ ಹತ್ತಿತ್ತು. ಭಯ ಹತ್ತಿದಷ್ಟೂ ಅವಳು ಇನ್ನೊಂದು ತುತ್ತು ಹೆಚ್ಚು ಉಣಿಸುತ್ತಿದ್ದಳು.

ಒಂದು ಹಗಲು, ಬಿಸಿಲು ಅಂಗಳಕ್ಕೆ ಬಂದ ಹೊತ್ತಿಗೆ, ಸಾಯಬಣ್ಣ ಇದ್ದಕ್ಕಿದ್ದಂತೆ ಎದ್ದು ಕೂತ. ಉಸಿರು ಕಟ್ಟುತ್ತದೆ, ಹೊರಗೆ ಗಾಳಿಗೆ ಒಯ್ಯಿರಿ ಎಂದು ಆ ಒಡೆದ ದನಿಯಲ್ಲಿ ಕೇಳಿದ. ಏಳಿಸಬೇಡಿ ಎಂದು ನೀಲಗಂಗಮ್ಮ ಓಡಿ ಬರುವಷ್ಟರಲ್ಲಿ ತಾಯಿ ತಂದೆ ಎರಡೂ ಕಡೆ ಹಿಡಿದು ನಿಲ್ಲಿಸಿದ್ದರು. ಹೊಸ್ತಿಲ ತನಕ ಬಂದ. ಕೊರಳ ನರ ಪಟಪಟ ಹೊಡೆದುಕೊಳ್ಳುವುದು ಕಣ್ಣಿಗೆ ಕಾಣುತ್ತಿತ್ತು. ಅಲ್ಲಿಯೇ ಅಪ್ಪನ ತೋಳಿನ ಮೇಲೆ ಕುಸಿದ. ಮುಖ ನೀಲಿಯಾಯಿತು, ಆಮೇಲೆ ಬೂದಿಯ ಬಣ್ಣಕ್ಕೆ ತಿರುಗಿತು. ಬಂಡೆಮ್ಮ ಅವನ ಹೆಸರು ಹಿಡಿದು ಕರೆಯುತ್ತಲೇ ಇದ್ದಳು.

ಲಿಂಗವಂತರ ಪದ್ಧತಿಯಂತೆ ಅವನನ್ನು ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಬಾಳೆಯ ತೋಟದ ಅಂಚಿನಲ್ಲಿ ಸಮಾಧಿ ಮಾಡಿದರು. ಬಾತ ಕಾಲುಗಳನ್ನು ಮಡಿಸಿ ಕೂರಿಸಲು ಹಿರಿಯರು ಬಹಳ ಕಷ್ಟಪಟ್ಟರು. ಒತ್ತಿ ಹಿಡಿದ ಬೆರಳುಗಳ ಗುರುತು ಅವನ ಕಾಲಿನ ಮೇಲೆ ಹಾಗೇ ನಿಂತಿತ್ತು. ಅದನ್ನು ನೋಡಿದವಳು ನೀಲಗಂಗಮ್ಮ ಒಬ್ಬಳೇ. ಬೇರೆಯವರು ಮುಖ ನೋಡಿ ಅಳುತ್ತಿದ್ದರು. ಎಷ್ಟು ತುಂಬಿದ ಹುಡುಗ, ಏನೂ ಕಡಿಮೆಯಿರಲಿಲ್ಲ, ಯಾರ ಕಣ್ಣು ಬಿತ್ತೋ ಎಂದರು. ಅವಳಿಗೆ ದತ್ತಪ್ಪ ಟ್ರಂಕು ಹೊತ್ತು ಓಣಿ ದಾಟಿದ್ದು ನೆನಪಾಗಿ ನಾಚಿಕೆಯಿಂದ ತಲೆ ತಗ್ಗಿತು.

ಜಂಗಮರಿಗೆ ಉಣಬಡಿಸಿದ ದಿನ ಮಂದಿಯೆಲ್ಲ ಹೋದ ಮೇಲೆ ಬಂಡೆಮ್ಮ ತಂಗಿಯನ್ನು ಅಡುಗೆಮನೆಗೆ ಕರೆದಳು. ಅತ್ತು ಅತ್ತು ಅವಳ ಮುಖ ಒಣಗಿತ್ತು. ಆದರೆ ಅಂದು ಅದರಲ್ಲಿ ಏನೋ ನಿರ್ಧಾರ ಇತ್ತು. ತೋಟದ ಅರ್ಧ ಬಾಳೆಯನ್ನು ಮಗನ ಹೆಸರಿಗೆ ಬಿಟ್ಟಿದ್ದೇವೆ ಎಂದಳು. ಅದರ ಹುಟ್ಟುವಳಿಯಿಂದ ನಿನ್ನ ಖಾನಾವಳಿಯ ಹುಡುಗರಿಗೆಲ್ಲ ದಾಸೋಹ ನಡೆಯಲಿ. ಪರೀಕ್ಷೆಯ ತಿಂಗಳುಗಳಲ್ಲಿ ಬಡವರ ಮಕ್ಕಳು ರೊಟ್ಟಿ ತಿಂದು ಸೊರಗುವುದು ಬೇಡ.

"ನನ್ನ ಮಗಗ ಉಣಸಿದಂಥದೇ ಬೆಳ್ಳನ್ನ ಉಣಸು. ಅವನ ಹೆಸರಲೆ ಎಲ್ಲಾರೂ ಮೈ ತುಂಬಿಕೊಂಡು ಮನಿಗಿ ಹೋಗ್ಲಿ."

ನೀಲಗಂಗಮ್ಮನ ಕಣ್ಣಮುಂದೆ ಪಂಕ್ತಿ ಬಂತು. ಎರಡೂ ಸಾಲು, ಎಲ್ಲ ಗಂಗಾಳಗಳಲ್ಲಿ ಬಿಳಿ ಅನ್ನ, ಏಳಲಾಗದೆ ಗೋಡೆ ಹಿಡಿದ ಹುಡುಗರು. ಹೂಂ ಎಂದುಬಿಟ್ಟರೆ ಅಕ್ಕ ಉಳಿಯುತ್ತಾಳೆ, ಹೆಸರು ಉಳಿಯುತ್ತದೆ. ಅವಳು ಒಲೆಯ ಮುಂದೆ ನೆಲದ ಮೇಲೆ ಕೂತಳು. ಕೂತೇ ಹೇಳಿದಳು.

"ಆ ಅನ್ನ ಯಾರಿಗೂ ಬ್ಯಾಡಕ್ಕಾ. ಆ ಅನ್ನದಿಂದನೇ ಅವನ ಮೈ ಬಾತದ್ದು. ಅದನ್ನ ಬಿಡಿಸು, ರೊಟ್ಟಿ ಬ್ಯಾಳಿ ಉಣಸು, ಹುಡುಗ ಉಳೀತಾನ ಅಂತ ದಾಕ್ತರ ನನಗ ಹೇಳಿದ್ದ."

ಬಂಡೆಮ್ಮ ಕೂಗಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ತನ್ನ ಬಲಗೈಯನ್ನು ತಿರುವಿ ನೋಡಿಕೊಂಡಳು. ಅದನ್ನು ನೋಡುತ್ತಲೇ ಕೇಳಿದಳು.

"ಯಾವಾಗ ಹೇಳಿದ್ದ?"

"ಇಲ್ಲಿಗಿ ಕರಕೊಂಡು ಬರೂ ಮೊದಲ."

"ನಾ ಅವಗ ಹಾಲನ್ನ ಉಣಸೂ ಹೊತ್ತಿನಾಗ ನೀ ಮಗ್ಗಲದಾಗೇ ಕುಂತಿದ್ದಿ."

"ಹೌದಕ್ಕಾ," ಎಂದಳು ನೀಲಗಂಗಮ್ಮ.